ವಾಲೆಟ್‌ಗೆ ಡೆಬಿಟ್ ಕಾರ್ಡ್: ಕೈಯಾರೆ ಸೇರಿಸುವುದಾ, ಬ್ಯಾಂಕ್ ಆ್ಯಪ್‌ನಿಂದಾ?

ಮೊದಲ ಸಲ ಫೋನಿನಲ್ಲಿ ವಾಲೆಟ್, ಅಂದರೆ ಅಂಗಡಿಯಲ್ಲಿ ಕಾರ್ಡಿನ ಬದಲು ಫೋನ್ ತಾಗಿಸಿ ದುಡ್ಡು ಕೊಡುವ ಆ್ಯಪ್, ತೆರೆದಾಗ ನನ್ನ ಹತ್ತಿರ ಎರಡು ಬ್ಯಾಂಕಿನ ಡೆಬಿಟ್ ಕಾರ್ಡ್ ಇದ್ದವು. ಒಂದನ್ನು ವಾಲೆಟ್ ಒಳಗಿಂದಲೇ ಸೇರಿಸಿದೆ, ಇನ್ನೊಂದನ್ನು ಬ್ಯಾಂಕಿನ ಆ್ಯಪ್‌ನಿಂದ.

ಮೊದಲನೆಯದರಲ್ಲಿ ಕಾರ್ಡನ್ನು ಕ್ಯಾಮೆರಾಗೆ ಹಿಡಿಯಬೇಕು. ನನ್ನ ಕಾರ್ಡಿನ ಅಂಕಿಗಳು ಅರ್ಧ ಮಾಸಿದ್ದವು, ಮೂರು ಸಲ ಹಿಡಿದರೂ ಓದಲಿಲ್ಲ. ಟೈಪ್ ಮಾಡುವಾಗ ನೋಡಿಕೊಳ್ಳೋಣ ಅಂತ ಮಾಮೂಲಿ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆದೆ. ಅಲ್ಲೇ ಎಡವಿದ್ದು! ಆ ಫೋಟೋ ಗ್ಯಾಲರಿಯಲ್ಲಿ ಉಳಿಯಿತು, ತಾನಾಗಿ ಬ್ಯಾಕಪ್‌ಗೂ ಹೋಯಿತು, ಎರಡೂ ಕಡೆ ಹುಡುಕಿ ಅಳಿಸುವ ಕೆಲಸ ಬೇರೆ. ಅಂಕಿ ಓದದಿದ್ದರೆ ಕಾರ್ಡ್ ಎದುರಿಗಿಟ್ಟುಕೊಂಡು ನಿಧಾನವಾಗಿ ಟೈಪ್ ಮಾಡಿ, ಸಾಕು.

ಆಮೇಲೆ ಒಟಿಪಿ ಬಂತು. ಇಲ್ಲಿ ಸ್ವಲ್ಪ ನಿಲ್ಲಿ. ಸಾಮಾನ್ಯ ಒಟಿಪಿ ಒಂದು ಪಾವತಿಗೆ ಮಾತ್ರ, ಇದು ಒಂದು ಫೋನಿಗೆ ನಿಮ್ಮ ಕಾರ್ಡ್ ಬಳಸುವ ಹಕ್ಕನ್ನೇ ಕೊಡುತ್ತದೆ. ಕಾರ್ಡ್ ವಿವರ ಕದ್ದವನು ಅದನ್ನು ತನ್ನ ಫೋನಿನ ವಾಲೆಟ್‌ಗೆ ಹಾಕಿ, ಬ್ಯಾಂಕಿನವರ ಹಾಗೆ ಕರೆ ಮಾಡಿ ಕೇಳುವುದು ಇದೇ ಅಂಕಿಗಳನ್ನು. ಒಮ್ಮೆ ಹೇಳಿಬಿಟ್ಟರೆ ಅವನು ಅಂಗಡಿ ಅಂಗಡಿ ಅಲೆದು ಫೋನ್ ತಾಗಿಸಿ ಖರ್ಚು ಮಾಡಬಹುದು, ಡೆಬಿಟ್ ಕಾರ್ಡ್ ಆದ್ದರಿಂದ ದುಡ್ಡು ನೇರ ಖಾತೆಯಿಂದಲೇ ಹೋಗುತ್ತದೆ. ಆದ್ದರಿಂದ ಬರೀ ಅಂಕಿ ನೋಡಬೇಡಿ, ಮೆಸೇಜ್ ಪೂರ್ತಿ ಓದಿ. ವಾಲೆಟ್‌ಗೆ ಕಾರ್ಡ್ ಸೇರಿಸಲು ಅಂತಿದ್ದು, ನೀವು ಸೇರಿಸುತ್ತಿಲ್ಲದಿದ್ದರೆ, ತಕ್ಷಣ ಬ್ಯಾಂಕಿಗೆ ತಿಳಿಸಿ.

ಎರಡನೇ ಕಾರ್ಡಿಗೆ ಇದ್ಯಾವುದೂ ಬೇಕಾಗಲಿಲ್ಲ. ಬ್ಯಾಂಕ್ ಆ್ಯಪ್‌ಗೆ ಲಾಗಿನ್ ಆಗಿ, ಕಾರ್ಡ್ ಪುಟದಲ್ಲಿ ವಾಲೆಟ್‌ಗೆ ಸೇರಿಸುವ ಬಟನ್ ಒತ್ತಿ, ಷರತ್ತುಗಳಿಗೆ ಒಪ್ಪಿದೆ. ನಂಬರ್ ಟೈಪ್ ಮಾಡಲಿಲ್ಲ, ಒಟಿಪಿಯೂ ಬರಲಿಲ್ಲ, ಏಕೆಂದರೆ ನಾನ್ಯಾರು ಅಂತ ಆ್ಯಪ್‌ಗೆ ಆಗಲೇ ಗೊತ್ತು. ನನ್ನ ಮತ ಇದಕ್ಕೇ. ಎಲ್ಲ ಬ್ಯಾಂಕಿನ ಆ್ಯಪ್‌ನಲ್ಲೂ ಈ ಬಟನ್ ಇರುವುದಿಲ್ಲ, ಅದೊಂದೇ ಕೊರತೆ.

ಸೇರಿಸಿದ ಮೇಲೆ ಎರಡರಲ್ಲೂ ವ್ಯತ್ಯಾಸವಿಲ್ಲ. ಆಪಲ್ ಪೇ ಇರಲಿ, ಗೂಗಲ್ ವಾಲೆಟ್ ಇರಲಿ, ಅಂಗಡಿಗೆ ಹೋಗುವುದು ಕಾರ್ಡಿನ ನಂಬರ್ ಅಲ್ಲ, ಅದರ ಬದಲು ಕೊಟ್ಟ ಬೇರೆ ನಂಬರ್. ನನಗೆ ಇದು ತಿಳಿದದ್ದು ಮೊದಲ ರಸೀದಿಯಲ್ಲಿ. ಕೊನೆಯ ನಾಲ್ಕು ಅಂಕಿ ಕಾರ್ಡಿಗೆ ಹೊಂದಲೇ ಇಲ್ಲ, ಒಂದು ಕ್ಷಣ ಗಾಬರಿ. ವಾಲೆಟ್‌ನಲ್ಲಿ ಕಾರ್ಡಿನ ವಿವರ ತೆರೆದರೆ ಅದೇ ನಾಲ್ಕು ಅಂಕಿ ಅಲ್ಲಿದ್ದವು. ವಸ್ತು ಹಿಂತಿರುಗಿಸುವಾಗ ಅಂಗಡಿಯವರು ಕೇಳುವುದೂ ಅದನ್ನೇ, ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು, ಸ್ಕ್ರೀನ್ ಲಾಕ್ ತೆಗೆಯಬೇಡಿ. ನಾನು ಸುಮ್ನೆ ಒಂದು ದಿನ ತೆಗೆದು ನೋಡಿದೆ, ಎರಡೂ ಕಾರ್ಡ್ ವಾಲೆಟ್‌ನಿಂದ ಮಾಯ. ಮತ್ತೆ ಸೇರಿಸುವಾಗ ಬ್ಯಾಂಕ್ ಆ್ಯಪ್‌ನದು ಒಂದು ನಿಮಿಷದ ಕೆಲಸ, ಆ ಮಾಸಿದ ಕಾರ್ಡಿಗೆ ಮಾತ್ರ ಮತ್ತೆ ಅದೇ ಟೈಪಿಂಗ್, ಅದೇ ಒಟಿಪಿ.