ವೆಬಿನಾರ್ ಸ್ಲೈಡಿನಿಂದ ವಿಡಿಯೊ: ಪವರ್‌ಪಾಯಿಂಟ್ ರೆಕಾರ್ಡಿಂಗ್ ಹಲವು ಹಂಗಾಮು ಬಳಸಿದ ಮೇಲೆ

ರಾಯಚೂರು ಜಿಲ್ಲೆಯ ಹತ್ತಿ ಬೆಳೆಗಾರರ ಗುಂಪೊಂದಕ್ಕೆ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಹಂಗಾಮಿನಲ್ಲಿ ತಜ್ಞರ ವೆಬಿನಾರ್ ನಡೆಯುತ್ತದೆ. ಆ ಹೊತ್ತಿಗೆ ರೈತರು ಹೊಲದಲ್ಲಿರುತ್ತಾರೆ, ಆಮೇಲೆ ಒಂದು ಗಂಟೆಯ ರೆಕಾರ್ಡಿಂಗ್ ಕಳಿಸಿದರೆ ಯಾರೂ ತೆರೆದು ನೋಡುವುದಿಲ್ಲ. ಹಾಗಾಗಿ ತಜ್ಞರಿಂದ ಸ್ಲೈಡ್ ಇಸಿದುಕೊಂಡು, ಸ್ಕ್ರಿಪ್ಟ್ ಬರೆದು, ಆರೇಳು ನಿಮಿಷದ ವಿಡಿಯೊ ಮಾಡುತ್ತೇವೆ. ಬೇರೆ ಎಡಿಟಿಂಗ್ ಸಾಫ್ಟ್‌ವೇರ್ ಇಲ್ಲ; ಪವರ್‌ಪಾಯಿಂಟ್‌ನಲ್ಲೇ ಇರುವ ರೆಕಾರ್ಡಿಂಗ್ ಸೌಲಭ್ಯ ಅಷ್ಟೇ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ನಾಲ್ಕು ಅಂಕವೂ ಒಂದೇ ಕಾರಣಕ್ಕೆ. ಇದು ಧ್ವನಿಯನ್ನು ಉದ್ದಕ್ಕೆ ಒಂದೇ ಫೈಲಾಗಿ ಇಡುವುದಿಲ್ಲ, ಆಯಾ ಸ್ಲೈಡಿನ ಮಾತನ್ನು ಆಯಾ ಸ್ಲೈಡಿನಲ್ಲೇ ಇಡುತ್ತದೆ. ಸ್ಲೈಡನ್ನು ಹಿಂದೆ ಮುಂದೆ ಸರಿಸಿದರೆ ಮಾತೂ ಅದರ ಜೊತೆಗೇ ಹೋಗುತ್ತದೆ. ಗುಲಾಬಿ ಕಾಯಿಕೊರಕದ ಪತಂಗ ಬಲೆಗೆ ಎಷ್ಟು ಬಿದ್ದರೆ ಔಷಧಿ ಹೊಡೆಯಬೇಕು ಎಂಬ ವಿಡಿಯೊ ಮೊದಲ ಸಲ ತೋರಿಸಿದಾಗ ಮಾನ್ವಿ ಕಡೆಯ ಹಿರಿಯ ರೈತರೊಬ್ಬರು ಕೇಳಿದ್ದು: "ಸರ, ಎಂಟು ಪತಂಗ ಅಂದ್ರಿ. ಎಲ್ಲಾ ಬಲಿ ಸೇರಿ ಎಂಟೋ, ಒಂದೊಂದಕ್ಕ ಎಂಟೋ?" ಕೇಳಿದ್ದು ನ್ಯಾಯವೇ. ಆ ಒಂದು ಸ್ಲೈಡಿನ ಧ್ವನಿ ಮಾತ್ರ ಅಳಿಸಿ, ಅಷ್ಟನ್ನೇ ಮತ್ತೆ ಹೇಳಿ ಎಕ್ಸ್‌ಪೋರ್ಟ್ ಮಾಡಿದೆ. ಉಳಿದ ಸ್ಲೈಡಿಗೆ ಕೈ ಹಚ್ಚಲಿಲ್ಲ.

ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋಗುವ ಟ್ರಾನ್ಸಿಷನ್ ನಡೆಯುವಾಗ ಧ್ವನಿ ರೆಕಾರ್ಡ್ ಆಗುವುದಿಲ್ಲ. ಇದು ದೋಷವಲ್ಲ, ಅದರ ಸ್ವಭಾವವೇ ಹಾಗೆ. ಕಂಪನಿಯ ಸೂಚನೆಯಲ್ಲೂ ಸ್ಲೈಡ್ ಬದಲಿಸುವಾಗ ಮಾತಾಡಬೇಡಿ, ಪ್ರತಿ ಸ್ಲೈಡಿನ ಹಿಂದೆ ಮುಂದೆ ಚೂರು ಮೌನ ಬಿಡಿ ಎಂದಿದೆ. ವೆಬಿನಾರ್ ರೂಢಿಯಾದವರಿಗೆ ಇದೇ ಕಷ್ಟ. ಮಾತಿನ ಮಧ್ಯೆ ಕ್ಲಿಕ್ ಮಾಡುವ ಚಾಳಿ ಅವರಿಗೆ. ವಿಡಿಯೊದಲ್ಲಿ ಹೊಸ ಸ್ಲೈಡಿನ ಮೊದಲ ಪದ ಅರ್ಧಕ್ಕೆ ಶುರುವಾದರೆ, "ಬಲೆಯನ್ನು" ಎಂದದ್ದು "ಯನ್ನು" ಎಂದು ಕೇಳಿದರೆ, ಕಾರಣ ಮೈಕ್ ಅಲ್ಲ, ಇದು.

ಹಾಗಾಗಿ ಸ್ಕ್ರಿಪ್ಟನ್ನೇ ಇದಕ್ಕೆ ಹೊಂದಿಸಿ ಬರೆಯಬೇಕು. ಯಾವ ವಾಕ್ಯವೂ ಎರಡು ಸ್ಲೈಡಿಗೆ ಹರಡಬಾರದು, ಪ್ರತಿ ಸ್ಲೈಡಿನ ನೋಟ್ಸ್ ತನ್ನಷ್ಟಕ್ಕೆ ಮುಗಿಯಬೇಕು. ನಮ್ಮ ಕೈಗೆ ಬಂದ ವೆಬಿನಾರ್ ಸ್ಲೈಡಿನಲ್ಲಿ ಬಲೆಯ ಬಗ್ಗೆ ಎಲ್ಲವೂ ಒಂದೇ ಕಡೆ ತುಂಬಿತ್ತು. ಕೆಳಗಿನ ನೋಟ್ಸ್‌ನಲ್ಲಿ "ETL ವಿವರಿಸಿ, ಪ್ರಶ್ನೆ ಇದ್ದರೆ ಚಾಟ್‌ಗೆ" ಎಂದಷ್ಟೇ ಇತ್ತು. ತಜ್ಞರಿಗೆ ಅಷ್ಟು ನೆನಪಿನ ಗುರುತು ಸಾಕು, ಸ್ಕ್ರಿಪ್ಟಿಗೆ ಸಾಲದು. ಚಾಟ್ ಮಾತು ತೆಗೆದು, ಔಷಧಿ ಹೊಡೆಯಬೇಕಾದ ಮಟ್ಟಕ್ಕೆ ತಜ್ಞರು ಹೇಳುವ ETL ಎಂಬ ಮೂರಕ್ಷರದ ಬದಲು ಅದರ ಲೆಕ್ಕವನ್ನೇ ಬಿಡಿಸಿ, ಆ ಒಂದು ಸ್ಲೈಡನ್ನು ಮೂರು ಮಾಡಿದೆ. ನೋಟ್ಸ್ ಹೀಗಾಯಿತು:

ಬಲೆಯ ಚಿತ್ರ: "ದಿನಾ ಮುಂಜಾನೆ ಬಲಿ ನೋಡ್ರಿ. ರಾತ್ರಿ ಬಿದ್ದ ಪತಂಗ ಎಣಿಸಿ ಬರದಿಟ್ಕೊಳ್ರಿ. ಆಮ್ಯಾಲೆ ಚೀಲ ಖಾಲಿ ಮಾಡ್ರಿ."

ದೊಡ್ಡದಾಗಿ 8: "ಒಂದು ಬಲಿಗೆ ಒಂದು ರಾತ್ರಿಗೆ ಎಂಟು ಪತಂಗ. ಹೊಲದಾಗಿನ ಎಲ್ಲಾ ಬಲಿ ಸೇರಿ ಎಂಟಲ್ಲ, ಒಂದೊಂದಕ್ಕ ಎಂಟು."

ಮೂರು ದಿನದ ಗುರುತು: "ಹಿಂಗ ಮೂರು ದಿನ ಬಿಡದ ಬಿದ್ರ, ಔಷಧಿ ಹೊಡೆಯೋ ಹೊತ್ತು ಬಂತು ಅಂತ ತಿಳ್ಕೊಳ್ರಿ."

ತಜ್ಞರು ಓದಿ, "ನಾನು ಇಷ್ಟನ್ನೇ ಹೇಳಾಕ ಹತ್ತು ನಿಮಿಷ ತಗೊಂಡಿದ್ದೆ ನೋಡ್ರಿ" ಎಂದು ನಕ್ಕರು. ಲೆಕ್ಕವನ್ನು ಮಾತ್ರ ಅವರಿಗೆ ತೋರಿಸದೆ ನಾವು ರೆಕಾರ್ಡ್ ಮಾಡುವುದಿಲ್ಲ.

ನೋಟ್ಸ್ ಚಿಕ್ಕದಿರಲು ಇನ್ನೊಂದು ಕಾರಣವಿದೆ. ರೆಕಾರ್ಡ್ ಮಾಡುವಾಗ ನೋಟ್ಸ್ ಪರದೆಯ ಮೇಲೆ ಕಾಣುತ್ತದೆ, ಅಕ್ಷರ ದೊಡ್ಡದೂ ಮಾಡಬಹುದು. ಆದರೆ ಉದ್ದವಾದರೆ ಮೌಸ್‌ನಿಂದ ಕೆಳಗೆ ಸರಿಸಬೇಕು, ಆ ಟಿಕ್ ಟಿಕ್ ಸದ್ದು ಧ್ವನಿಯಲ್ಲಿ ಕೂತುಬಿಡುತ್ತದೆ. ಐವತ್ತು ಪದದೊಳಗೆ ಇದ್ದರೆ ಈ ತಾಪತ್ರಯ ಇಲ್ಲ. ನನ್ನ ಓದಿನಲ್ಲಿ ಅದು ಸುಮಾರು ಅರ್ಧ ನಿಮಿಷ. ಫ್ಯಾನ್ ಸದ್ದಿನ ವಿಷಯ ರಾಯಚೂರಿನವರಿಗೆ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಕೂರುವುದು ಸೂರ್ಯ ಏರುವುದಕ್ಕೆ ಮುಂಚೆ ಮಾತ್ರ ಸಾಧ್ಯ.

ಕನ್ನಡದವರು ಗಮನಿಸಬೇಕಾದ್ದು: ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೋಟ್ಸ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅಲ್ಲಿ ನಿಮ್ಮ ಫಾಂಟ್ ನಡೆಯುವುದಿಲ್ಲ. ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ.

ಟ್ರಾನ್ಸಿಷನ್‌ಗಳ ಪಟ್ಟಿ ಉದ್ದ ಇದೆ, ನಾನು ಬಳಸುವುದು ಎರಡೇ. ಮಾತು ಮುಂದುವರಿಯುವ ಕಡೆ Fade. ಒಂದೇ ವಸ್ತುವನ್ನು ಹತ್ತಿರದಿಂದ ತೋರಿಸಬೇಕಾದಲ್ಲಿ Morph. ಬಲೆಯ ಸ್ಲೈಡನ್ನು ನಕಲು ಮಾಡಿ, ಎರಡನೆಯದರಲ್ಲಿ ಅದೇ ಚಿತ್ರವನ್ನು ಹಿಗ್ಗಿಸಿ, ಪತಂಗವನ್ನು ಸೆಳೆಯುವ ಲ್ಯೂರ್ ಮಧ್ಯಕ್ಕೆ ಬರುವಂತೆ ಇಟ್ಟು Morph ಕೊಟ್ಟರೆ, ಕ್ಯಾಮೆರಾ ಒಳಗೆ ಹೋದಂತೆ ಕಾಣುತ್ತದೆ. ಆದರೆ ಅದು ತಾನಾಗಿ 2 ಸೆಕೆಂಡ್ ತೆಗೆದುಕೊಳ್ಳುತ್ತದೆ, ಆ 2 ಸೆಕೆಂಡೂ ಮೌನ. ಹಾಗಾಗಿ ಹಿಂದಿನ ಸ್ಲೈಡನ್ನು "ಈಗ ಒಳಗ ನೋಡೋಣು" ಎಂದು ಮುಗಿಸುತ್ತೇನೆ. ಚಿತ್ರ ಹಿಗ್ಗುವಾಗ ನೋಡುಗ ಕಾಯುತ್ತಾನೆ, ಆಮೇಲೆ "ಈ ಸಣ್ಣ ರಬ್ಬರ್ ತುಂಡೇ ಲ್ಯೂರ್" ಎಂಬ ಮಾತು ಬರುತ್ತದೆ. ಇಲ್ಲಿ ಮೌನ ಉಪಯೋಗಕ್ಕೇ ಬಂತು. Morph 2019ರ ಆವೃತ್ತಿಯಲ್ಲಿ ಇದೆ, ತೀರಾ ಹಳೆಯದರಲ್ಲಿ ತೆರೆದರೆ ಬರೀ Fade ಆಗಿ ಕಾಣುತ್ತದೆ. ಎಕ್ಸ್‌ಪೋರ್ಟ್ ಯಾವ ಕಂಪ್ಯೂಟರಿನಲ್ಲಿ ಎಂಬುದು ಮೊದಲೇ ಗೊತ್ತಿರಲಿ.

ಮಾತು ತಡೆಯಿಲ್ಲದೆ ಹರಿಯಲೇಬೇಕು ಎನ್ನುವವರಿಗೂ ದಾರಿ ಇದೆ. ಧ್ವನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಮೊದಲ ಸ್ಲೈಡಿಗೆ ಸೇರಿಸಿ Play Across Slides ಗುರುತು ಹಾಕಿದರೆ ಟ್ರಾನ್ಸಿಷನ್ ಮೇಲೂ ಮಾತು ಸಾಗುತ್ತದೆ. ಆಗ ಸ್ಲೈಡ್ ಸಮಯ ಕೈಯಾರೆ ಹೊಂದಿಸಬೇಕು, ಒಂದು ತಪ್ಪಿಗೆ ಇಡೀ ಧ್ವನಿಗೇ ಕೈಹಾಕಬೇಕು. ನನಗದು ಬೇಡ.

ಒಂದು ಅಂಕ ಕಡಿಮೆ ಮಾಡಿದ್ದು ಯಾಕೆಂದರೆ, ಸ್ಲೈಡಿನ ಧ್ವನಿಯ ಕೊನೆಯ ಕೆಮ್ಮನ್ನು Trim ಮಾಡಿ ಕತ್ತರಿಸಬಹುದು, ಆದರೆ ಸ್ಲೈಡಿನ ಸಮಯ ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ. Transitions ಪುಟದ After ಎಂಬಲ್ಲಿ ಹೋಗಿ ನಾವೇ ಇಳಿಸಬೇಕು. ಜಾಸ್ತಿ ಇಳಿಸಿದರೆ ಕೊನೆಯ ಪದ ತುಂಡಾಗುತ್ತದೆ. ನಾಲ್ಕಾರು ಸೆಕೆಂಡಿನ ಕೆಲಸಕ್ಕೆ ಇಷ್ಟು ಓಡಾಟವೇಕೋ.

ಎಕ್ಸ್‌ಪೋರ್ಟ್‌ನಲ್ಲಿ HD 720p ಸಾಕು. ರೈತರು ನೋಡುವುದು ಫೋನಿನಲ್ಲಿ, ಅಲ್ಲಿ ಅಕ್ಷರದ ಗಾತ್ರ ಮುಖ್ಯ. Use Recorded Timings and Narrations ಆಯ್ಕೆ ಇದೆಯೇ ನೋಡಿ. ಕೆಳಗೆ ಸ್ಲೈಡಿಗೆ 5 ಸೆಕೆಂಡ್ ಎಂದು ತಾನಾಗಿ ತುಂಬಿರುತ್ತದೆ, ಅದು ಸಮಯ ದಾಖಲಾಗದ ಸ್ಲೈಡುಗಳಿಗೆ ಮಾತ್ರ. ವಿಡಿಯೊ ನೋಡುವಾಗ ಯಾವುದಾದರೂ ಸ್ಲೈಡ್ ಸದ್ದಿಲ್ಲದೆ ಸರಿಯಾಗಿ 5 ಸೆಕೆಂಡಿಗೆ ದಾಟಿತೆಂದರೆ, ಅದರ ರೆಕಾರ್ಡಿಂಗ್ ಮಾಡುವುದೇ ಬಿಟ್ಟುಹೋಗಿದೆ ಎಂದೇ ಅರ್ಥ.