ನಲ್ಲಿ ರಿಪೇರಿಗೆ ಎರಡು ಗೂಗಲ್ ಜಾಹೀರಾತು: ನಾನು ಉಳಿಸಿಕೊಂಡಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಎರಡನೆಯದು. ಮೊದಲನೆಯದಕ್ಕೆ ಒಂದು ತಿಂಗಳು ದುಡ್ಡು ಸುರಿದ ಮೇಲೆ ಬಂದ ಬುದ್ಧಿ ಇದು.

ನಮ್ಮ ಚಿಕ್ಕಪ್ಪ ಬೆಂಗಳೂರಿನ ವಿಜಯನಗರದಲ್ಲಿ ಪ್ಲಂಬಿಂಗ್ ಕೆಲಸ ಮಾಡಿಸುತ್ತಾರೆ. ಇಬ್ಬರು ಹುಡುಗರು, ಒಂದು ಸ್ಕೂಟರ್. ಜಾಹೀರಾತಿಗೆ ದಿನಕ್ಕೆ 300 ರೂಪಾಯಿ ಇಟ್ಟಿದ್ದೆವು. ಮೊದಲ ಜಾಹೀರಾತನ್ನು ಒಂದು ಏಜೆನ್ಸಿಯವರು ಇಂಗ್ಲಿಷ್‌ನಲ್ಲಿ ಬರೆದುಕೊಟ್ಟರು. 'ಬೆಸ್ಟ್ ಪ್ಲಂಬರ್ಸ್ ಇನ್ ಬೆಂಗಳೂರು' ಅನ್ನೋ ತಲೆಬರಹ. ಇಂಗ್ಲಿಷ್ ಅಕ್ಷರದಲ್ಲಿ 26, ಮಿತಿ 30, ಆರಾಮಾಗಿ ಕೂತಿತು. ಕ್ಲಿಕ್ ಮಾಡಿದರೆ ನಮ್ಮ ಮುಖಪುಟ. ಅಲ್ಲಿ ಬಾತ್‌ರೂಂ ಫಿಟ್ಟಿಂಗ್, ಮೋಟರ್, ಟ್ಯಾಂಕ್ ಕ್ಲೀನಿಂಗ್ ಎಲ್ಲದರ ಫೋಟೊ ಒಂದಾದ ಮೇಲೊಂದು ಓಡುತ್ತದೆ. ನಲ್ಲಿ ಸೋರುತ್ತಿದೆ ಅಂತ ಬಂದವರಿಗೆ ನಲ್ಲಿ ಅನ್ನೋ ಪದ ಸಿಗಬೇಕಾದರೆ ಮೂರು ಸಲ ಕೆಳಗೆ ಸರಿಸಬೇಕು. ಕ್ಲಿಕ್ ಬಂದವು, ಫೋನ್ ಬರಲಿಲ್ಲ. ಗೂಗಲ್ ಆ್ಯಡ್ಸ್‌ನ ಕ್ವಾಲಿಟಿ ಸ್ಕೋರ್‌ನಲ್ಲಿ, ಕ್ಲಿಕ್ ಮಾಡಿದವರು ಬಂದು ಇಳಿಯುವ ಲ್ಯಾಂಡಿಂಗ್ ಪುಟದ ಸಾಲಿಗೆ 'ಸರಾಸರಿಗಿಂತ ಕಡಿಮೆ' ಅಂತ ಬಿದ್ದಿತ್ತು.

ಎರಡನೆಯದನ್ನು ನಾನೇ ಕನ್ನಡದಲ್ಲಿ ಬರೆದೆ. ಅದಕ್ಕೆ ನಲ್ಲಿ ಸೋರಿಕೆಯದೇ ಒಂದು ಪುಟವನ್ನೂ ಮಾಡಿದೆ.

ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. 'ಬೆಂಗಳೂರಿನಲ್ಲಿ ನಲ್ಲಿ ಸೋರಿಕೆ ರಿಪೇರಿ' ಅಂತ ಹಾಕಿದರೆ ಪೆಟ್ಟಿಗೆ ಕೆಂಪಾಯಿತು: 33/30. ಕಣ್ಣಿಗೆ ಇಷ್ಟೇ ಇಷ್ಟು ಕಾಣೋ ಸಾಲು, ಮೂರು ಜಾಸ್ತಿ ಹೇಗಾಯಿತು? ಕೂತು ಎಣಿಸಿದೆ. ನಾವು 'ಲ್ಲಿ' ಅಂತ ಒಂದೇ ಅಕ್ಷರ ಬರೆಯುತ್ತೇವೆ. ಲೆಕ್ಕದಲ್ಲಿ ಅದು ನಾಲ್ಕು: ಒಂದು ಲ, ಒಂದು ಅರ್ಧಾಕ್ಷರದ ಗುರುತು, ಇನ್ನೊಂದು ಲ, ಒಂದು ಗುಡಿಸು. ಒತ್ತು, ಕೊಂಬು, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಜಾಗ ಕೊಡಬೇಕು. 'ಬೆಂಗಳೂರಿನಲ್ಲಿ' ನಮಗೆ ಆರು ಅಕ್ಷರ, ಅಲ್ಲಿ 13. 'ವಿಜಯನಗರ' ಕೂಡ ಆರೇ ಅಕ್ಷರ, ಆದರೆ ಅಲ್ಲಿ ಬರೀ 7. ಇದು ಗೊತ್ತಾದ ಮೇಲೆ ಪದ ಆರಿಸುವ ರೀತಿಯೇ ಬದಲಾಯಿತು. ಒತ್ತಕ್ಷರ ಕಡಿಮೆ ಇರೋ ಪದ ಅಗ್ಗ, ಅಷ್ಟೇ.

ಊರಿನ ಹೆಸರನ್ನೇ ತೆಗೆದೆ. ಜಾಹೀರಾತು ನಮ್ಮ ಸುತ್ತಮುತ್ತಲಿನ ಏರಿಯಾದವರಿಗೆ ಮಾತ್ರ ಕಾಣುವ ಹಾಗೆ ಇಟ್ಟಿದ್ದೆ, ಮತ್ತೆ ಬೆಂಗಳೂರು ಅಂತ ಯಾಕೆ ಹೇಳಬೇಕು ಅಲ್ವಾ? 'ನಲ್ಲಿ ನಲ್ಲಿ' ಅಂತ ಎರಡು ಸಲ ಕೇಳೋದೂ ತಪ್ಪಿತು. 'ಇಂದೇ ನಲ್ಲಿ ಸೋರಿಕೆ ರಿಪೇರಿ' ಅಂತ ಮಾಡಿದರೆ 24. ಎರಡನೆಯ ತಲೆಬರಹ 'ವಿಸಿಟಿಂಗ್ ಚಾರ್ಜ್ ₹199', ಅದು 21. ಕೆಳಗಿನ ವಿವರಣೆಗೆ 90ರ ಮಿತಿ. ಅಲ್ಲಿ ಬರೆದಿದ್ದು: 'ಬಂದು ನೋಡಿ, ರೇಟು ಹೇಳಿ, ನೀವು ಒಪ್ಪಿದ ಮೇಲೆ ಕೆಲಸ. ವಾಷರ್, ಸ್ಪಿಂಡಲ್ ಜೊತೆಗೇ ತರುತ್ತೇವೆ.' ಇದು 78.

ತಲೆಬರಹ 15ರವರೆಗೆ ಕೊಡಬಹುದು, ಒಂದು ಸಲಕ್ಕೆ ಮೂರರವರೆಗೆ ಮಾತ್ರ ಕಾಣುತ್ತವೆ. ಯಾವುದರ ಪಕ್ಕ ಯಾವುದು ಅಂತ ಗೂಗಲ್ಲೇ ಜೋಡಿಸುತ್ತದೆ. ಹಾಗಾಗಿ ಪ್ರತಿ ಸಾಲೂ ಒಂಟಿಯಾಗಿ ನಿಂತರೂ ಅರ್ಥ ಆಗಬೇಕು. ದರದ ಸಾಲನ್ನು ಮಾತ್ರ ಎರಡನೇ ಜಾಗಕ್ಕೆ ಪಿನ್ ಮಾಡಿದೆ. ಮೂರನೇ ಜಾಗದ್ದು ಕಾಣಿಸಿಯೇ ತೀರುತ್ತದೆ ಅನ್ನೋ ಭರವಸೆ ಇಲ್ಲ.

ಮೊದಲ ವಾರವೇ ಈ ದರ ನಮಗೆ ಬಿಸಿ ಮುಟ್ಟಿಸಿತು. ಪುಟದಲ್ಲಿ 'ನಲ್ಲಿ ರಿಪೇರಿ ₹199' ಅಂತ ಬರೆದುಬಿಟ್ಟಿದ್ದೆ. ಅತ್ತಿಗುಪ್ಪೆಯ ಒಬ್ಬ ಅಮ್ಮ ವಾಷರ್ ಹಾಕಿಸಿಕೊಂಡ ಮೇಲೆ, "199ಕ್ಕೆ ರಿಪೇರಿ ಅಂತಾನೇ ಬರೆದಿದ್ದೀರಲ್ಲಪ್ಪಾ, ಮತ್ತೆ ಕೂಲಿ ಯಾಕೆ?" ಅಂದರು. ತಪ್ಪು ನಮ್ಮದೇ. ಚಿಕ್ಕಪ್ಪ ಕೂಲಿ ಬಿಟ್ಟು ಬಂದರು. ಮನೆಗೆ ಬಂದು, "ನೋಡಪ್ಪಾ, ಅಲ್ಲೊಂದು ಇಲ್ಲೊಂದು ಬರೀಬೇಡ, ಬಾಗಿಲಲ್ಲಿ ನಿಂತು ಮಾತು ಕೇಳೋನು ನಾನು" ಅಂದರು. ಆ ರಾತ್ರಿಯೇ ಪುಟ ತಿದ್ದಿದೆ. ಮೇಲೆ ಜಾಹೀರಾತಿನ ಅದೇ ಪದಗಳು: ಇಂದೇ ನಲ್ಲಿ ಸೋರಿಕೆ ರಿಪೇರಿ. ಅದರ ಕೆಳಗೆ 'ವಿಸಿಟಿಂಗ್ ಚಾರ್ಜ್ ₹199. ಕೂಲಿ, ಸಾಮಾನು ಬೇರೆ, ಮೊದಲೇ ಹೇಳುತ್ತೇವೆ.' ಆಮೇಲೆ ಫೋನ್ ಬಟನ್. ಇಷ್ಟೂ ಸರಿಸದೇ ಕಾಣಬೇಕು. ಆಮೇಲೆ ಆ ಜಗಳ ಮತ್ತೆ ಆಗಿಲ್ಲ. (ಫೋನ್ ನಂಬರನ್ನು ಜಾಹೀರಾತಿನ ಸಾಲಿನೊಳಗೆ ತುರುಕಲು ಹೋಗಬೇಡಿ, ಒಪ್ಪುವುದಿಲ್ಲ. ಅದಕ್ಕೆ ಕಾಲ್ ಅಸೆಟ್ ಬೇರೆ ಇದೆ. ತಲೆಬರಹದಲ್ಲಿ ಆಶ್ಚರ್ಯಸೂಚಕವೂ ಬೇಡ.)

ಜನ ಹುಡುಕಿದ್ದಕ್ಕೆ ಹೊಂದುವ ನಮ್ಮ ಕೀವರ್ಡನ್ನೇ ತಲೆಬರಹಕ್ಕೆ ತಂದು ಹಾಕುವ ಕೀವರ್ಡ್ ಇನ್ಸರ್ಷನ್ ಕೂಡ ನೋಡಿದೆ. ಕನ್ನಡದ ಉದ್ದ ಪದಗಳು 30 ದಾಟಿದಾಗ ನಾವು ಮೊದಲೇ ಕೊಟ್ಟ ಸಾಲೇ ಬರುತ್ತದೆ. ಬಿಟ್ಟೆ.

ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ ಪ್ಲಂಬರ್ ಹುಡುಕುವವರು ನಮ್ಮ ಕಡೆ ಕಡಿಮೆ, ಅದು ನಿಜ. ಅದಕ್ಕೇ ಇದೇ ಸಾಲುಗಳನ್ನು, ಇದೇ ಪುಟವನ್ನು ಇಂಗ್ಲಿಷ್‌ನಲ್ಲೂ ಮಾಡಿ ಬೇರೆ ಗುಂಪಿನಲ್ಲಿ ಇಟ್ಟಿದ್ದೇನೆ. ಕನ್ನಡ ಜಾಹೀರಾತಿನಿಂದ ಇಂಗ್ಲಿಷ್ ಪುಟಕ್ಕೆ ಯಾರನ್ನೂ ಕಳಿಸುವುದಿಲ್ಲ. ದಿನಕ್ಕೆ ಸಾವಿರಾರು ರೂಪಾಯಿ ಹಾಕಿ, ಹತ್ತಾರು ಹುಡುಗರನ್ನು ಇಟ್ಟುಕೊಂಡವರಿಗೆ ಎಲ್ಲವನ್ನೂ ತೋರಿಸೋ ಮುಖಪುಟ ನಡೆದೀತು. 300 ರೂಪಾಯಿಯಲ್ಲಿ ನಮಗೆ ಒಂದು ತೊಂದರೆಗೆ ಒಂದು ಜಾಹೀರಾತು, ಅದಕ್ಕೆ ಒಂದು ಪುಟ. ಮುಂದಿನದು ಫ್ಲಶ್ ಟ್ಯಾಂಕ್. 'ಫ್ಲಶ್ ಟ್ಯಾಂಕ್ ಸೋರುತ್ತಿದೆಯಾ?' ಅಂತ ಎಣಿಸಿ ಇಟ್ಟಿದ್ದೇನೆ, 27 ಇದೆ. ಪುಟ ಇನ್ನೂ ಬರೆಯಬೇಕು.