ಮಗುವಿನ ಫ್ರಾಕಿಗೆ ಸ್ಮಾಕಿಂಗಾ, ಶರ್ರಿಂಗಾ?

ದೂರದಿಂದ ನೋಡಿದರೆ ಎರಡೂ ಒಂದೇ ಥರ ಸುಕ್ಕು. ಆದರೆ ಸ್ಮಾಕಿಂಗ್‌ನಲ್ಲಿ ಬಟ್ಟೆಯನ್ನು ಮೊದಲು ಸಣ್ಣ ನೆರಿಗೆಯಾಗಿ ಎಳೆದು, ಅದರ ಮೇಲೆ ಕೈಯಿಂದ ಕಸೂತಿ ಹಾಕಿ ಹಿಡಿಸುತ್ತೇವೆ. ಶರ್ರಿಂಗ್‌ನಲ್ಲಿ ಆ ಕೆಲಸವನ್ನು ಮಿಷನ್ನಿನ ಬಾಬಿನ್‌ನಲ್ಲಿರುವ ಎಲಾಸ್ಟಿಕ್ ದಾರವೇ ಮಾಡುತ್ತದೆ.

ಎದೆ ಸುತ್ತಳತೆ 56 ಸೆಂ.ಮೀ. ಅಂದುಕೊಳ್ಳಿ. ಶರ್ರಿಂಗ್‌ಗೆ ಸುಮಾರು ಎರಡು ಪಟ್ಟು, ಅಂದರೆ 112 ಸೆಂ.ಮೀ. ಬಟ್ಟೆ ಸಾಕು. ಸ್ಮಾಕಿಂಗ್‌ಗೆ ಮೂರು ಪಟ್ಟು, 168 ಬೇಕು. ಸಮಯವೂ ಹಾಗೇ: ಒಂದು ಸಂಜೆಗೆ ಮುಗಿಯುವುದಕ್ಕೂ, ವಾರಗಟ್ಟಲೆ ಕೂರುವುದಕ್ಕೂ ಇರುವ ವ್ಯತ್ಯಾಸ.

ಶರ್ರಿಂಗ್ ಕೆಡುವುದು ಹೆಚ್ಚಾಗಿ ಬಾಬಿನ್‌ನಲ್ಲೇ. ಎಲಾಸ್ಟಿಕ್ ದಾರವನ್ನು ಕೈಯಿಂದ, ಎಳೆಯದೆ ಸುತ್ತಿ. ಮೇಲಿನದು ಮಾಮೂಲಿ ದಾರ. ಹೊಲಿಗೆ ಉದ್ದ 4 ಮಿ.ಮೀ., ಸಾಲುಗಳ ನಡುವೆ 1 ಸೆಂ.ಮೀ. ಮೊದಲು 20 ಸೆಂ.ಮೀ. ತುಂಡಿನಲ್ಲಿ ಐದು ಸಾಲು ಹೊಲಿದು ನೋಡಿ. ಒಂದೇ ಸಾಲಿಗೆ ಬಟ್ಟೆ ಅಷ್ಟೇನೂ ಕುಗ್ಗುವುದಿಲ್ಲ, ಗಾಬರಿ ಬೇಡ. ಕೊನೆಗೆ ಇಸ್ತ್ರಿಯನ್ನು ತಾಗಿಸದೆ ಮೇಲಿಂದ ಹಬೆ ಕೊಟ್ಟರೆ ಇನ್ನಷ್ಟು ಬಿಗಿಯುತ್ತದೆ. ಆಮೇಲೂ ಆ ತುಂಡು ಅರ್ಧಕ್ಕೆ, ಅಂದರೆ ಸುಮಾರು 10 ಸೆಂ.ಮೀ.ಗೆ ಇಳಿಯದೆ 14-15ರಲ್ಲೇ ನಿಂತರೆ ಬಾಬಿನ್ ಕೇಸಿನ ಸ್ಕ್ರೂ ಸ್ವಲ್ಪವೇ ಬಿಗಿ ಮಾಡಿ.

ಮಲ್‌ಮಲ್, ವಾಯಿಲ್, ತೆಳು ರೇಯಾನ್ ಶರ್ರಿಂಗ್‌ಗೆ ಚೆನ್ನ. ದಪ್ಪ ಬಟ್ಟೆಯನ್ನು ಆ ಸಣ್ಣ ದಾರ ಎಳೆಯಲಾರದು. ಸ್ಮಾಕಿಂಗ್‌ಗೆ ನೆರಿಗೆ ನಿಲ್ಲುವ ಕ್ಯಾಂಬ್ರಿಕ್ ನನಗಿಷ್ಟ; ಜಾರುವ ರೇಯಾನ್ ಸುಮ್ನೆ ತಲೆನೋವು.

ದಿನಾ ಹಾಕುವ, ಬೆಳೆಯುವ ಮಗುವಿನ ಫ್ರಾಕಾದರೆ ನಾನು ಶರ್ರಿಂಗನ್ನೇ ಆರಿಸುತ್ತೇನೆ. ತಂಗಿಗೂ ಎತ್ತಿಡುವ ಫ್ರಾಕಾದರೆ ಸ್ಮಾಕಿಂಗ್, ಯಾಕೆಂದರೆ ಎಲಾಸ್ಟಿಕ್ ವರ್ಷಗಳಲ್ಲಿ ಸಡಿಲವಾಗುತ್ತದೆ.